ಮೂರನೇ ವಾರದಲ್ಲಿ ಬಿಗಿಯಾದ ಬ್ಲೌಸ್ ತೋಳು

ಪ್ರಶ್ನೆ: ನಾನು ಎಂಟು ಕೆ.ಜಿ. ಇಳಿಸಬೇಕು. ಜಿಮ್‌ನಲ್ಲಿ ವೇಟ್ಸ್ ಎತ್ತಿ ಅಂತಾರೆ. ನನ್ನ ತೋಳು ಮೊದಲೇ ದಪ್ಪ, ಗಂಡಸರ ಥರ ಆಗಿಬಿಟ್ಟರೆ ಅಂತ ಭಯ. ಮೊದಲು ವಾಕಿಂಗ್ ಮಾಡಿ ತೂಕ ಇಳಿಸಿ, ಆಮೇಲೆ ವೇಟ್ಸ್ ಶುರು ಮಾಡಿದರೆ ಆಗಲ್ವಾ?

ಬೇಡ. ಅದೇ ದಾರಿ ಹಿಡಿದು ನಾನು ಎರಡು ವರ್ಷ ಕಳೆದುಕೊಂಡೆ.

ಆಗ ನಾನು 68 ಕೆ.ಜಿ. ಇದ್ದೆ. ಮೈಸೂರಿನಲ್ಲಿ ಮನೆ ಹತ್ತಿರದ ಜಿಮ್‌ಗೆ ಸೇರಿ ಮೂರನೇ ವಾರ. ನಾದಿನಿ ಮದುವೆಗೆ ಹೊಲಿಸಿದ್ದ ಬ್ಲೌಸ್ ಹಾಕಿ ನೋಡಿದರೆ ತೋಳು ಬಿಗಿ. ತೂಕ ನೋಡಿದರೆ 69.2. ದೊಡ್ಡಮ್ಮ, "ಸಾಕು ನಿಲ್ಸೇ, ಗರಡಿ ಪೈಲ್ವಾನನ ಥರ ಆಗ್ತೀಯ" ಅಂದರು. ಮರುದಿನದಿಂದ ಹೋಗಲಿಲ್ಲ.

ನಾನು ಮಾಡಿದ ತಪ್ಪು ಇದೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆ ಬಿಗಿ ನೀರಿನದು. ಅಭ್ಯಾಸವಿಲ್ಲದ ಸ್ನಾಯುವಿಗೆ ಭಾರ ಬಿದ್ದಾಗ ಸಣ್ಣ ಸಣ್ಣ ಗಾಯಗಳಾಗುತ್ತವೆ, ಅವು ಮಾಯುವಾಗ ಊತ ಬರುತ್ತದೆ. ಜೊತೆಗೆ ಸ್ನಾಯು ಮುಂದಿನ ಸಲಕ್ಕೆಂದು ಗ್ಲೈಕೋಜನ್ ಎಂಬ ಸಕ್ಕರೆ ರೂಪದ ಇಂಧನವನ್ನು ಹೆಚ್ಚು ಕೂಡಿಡುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿಕೊಳ್ಳುತ್ತದೆ. ನನಗೆ ಅದು ಮುಟ್ಟಿನ ಹಿಂದಿನ ವಾರ ಬೇರೆ, ಆಗಲೂ ಮೈ ನೀರು ಹಿಡಿಯುತ್ತದೆ. ಮೂರು ವಾರದಲ್ಲಿ ಮೇಲಿನ ಕೊಬ್ಬು ಕಣ್ಣಿಗೆ ಕಾಣುವಷ್ಟು ಇಳಿದಿರಲಿಲ್ಲ. ಅದೇ ಕೊಬ್ಬಿನ ಕೆಳಗೆ ಸ್ನಾಯು ಊದಿಕೊಂಡಿತ್ತು, ಅಷ್ಟೇ. ಇನ್ನೆರಡು ಮೂರು ವಾರ ಕಾದಿದ್ದರೆ ಊತ ತಾನಾಗಿ ಇಳಿಯುತ್ತಿತ್ತು. ಮೂರು ವಾರದಲ್ಲಿ ಒಂದು ಕೆ.ಜಿ. ಸ್ನಾಯು ಬೆಳೆಸುವುದು ಯಾವ ಹೆಂಗಸಿಗೂ ಆಗದ ಮಾತು. ಗಂಡಸರಲ್ಲಿ ಸ್ನಾಯು ಬೆಳೆಸುವ ಹಾರ್ಮೋನ್ ಟೆಸ್ಟೋಸ್ಟೆರಾನ್ ನಮಗಿಂತ ಹತ್ತು ಪಟ್ಟಿಗೂ ಹೆಚ್ಚು. ಅಷ್ಟಿದ್ದೂ ಅವರು ವರ್ಷಗಟ್ಟಲೆ ಒದ್ದಾಡುತ್ತಾರೆ. ಮೊದಲ ಎರಡು ತಿಂಗಳು ನಾವು ಹೆಚ್ಚು ಭಾರ ಎತ್ತುತ್ತಾ ಹೋಗುವುದು ಬಹುಪಾಲು ನರಗಳು ಕೆಲಸ ಕಲಿಯುವುದರಿಂದ. ಗಾತ್ರ ಅಷ್ಟಾಗಿ ಬದಲಾಗಿರುವುದಿಲ್ಲ.

ನಾನು ಜಿಮ್ ಬಿಟ್ಟು ದಿನಾ ಒಂದು ಗಂಟೆ ನಡೆದೆ, ರಾತ್ರಿ ಬರೀ ಹಣ್ಣು ತಿಂದೆ. ಐದು ತಿಂಗಳಲ್ಲಿ 59ಕ್ಕೆ ಬಂದೆ. ಕೆನ್ನೆ ಒಳಗೆ ಹೋಯಿತು, ಹೊಟ್ಟೆ ಮಾತ್ರ ಮೆತ್ತಗೆ ಹಾಗೇ ಉಳಿಯಿತು, ಸೊಂಟ 33 ಇಂಚು. ನೀರಿನ ಕ್ಯಾನ್ ಎತ್ತಿಡಲು ಆಗುತ್ತಿರಲಿಲ್ಲ. ಬರೀ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ್ದು, ಸ್ನಾಯುವೂ ಅದರಲ್ಲೇ ಹೋಗುತ್ತದೆ. ನಿಮ್ಮ 'ಮೊದಲು ಇಳಿಸಿ ಆಮೇಲೆ ಎತ್ತುವ' ಲೆಕ್ಕ ತಪ್ಪುವುದು ಇಲ್ಲೇ. ವೇಟ್ಸ್‌ನ ಅಗತ್ಯ ಎಲ್ಲಕ್ಕಿಂತ ಹೆಚ್ಚಿರುವುದು ತೂಕ ಇಳಿಯುತ್ತಿರುವಾಗ. ಊಟ ಕಡಿಮೆಯಾದಾಗ ದೇಹ ಎಲ್ಲವನ್ನೂ ಕರಗಿಸಲು ನೋಡುತ್ತದೆ. ದಿನ ಬಿಟ್ಟು ದಿನ ಭಾರ ಬೀಳುವ ಸ್ನಾಯುವನ್ನು ಮಾತ್ರ ಉಳಿಸಿಕೊಳ್ಳುತ್ತದೆ.

ಒಂದೇ ವರ್ಷದಲ್ಲಿ ಮತ್ತೆ 67 ಆದೆ. ಈ ಸಲ ವಾರಕ್ಕೆ ಮೂರು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ರೋ, ಡಂಬಲ್ ಪ್ರೆಸ್. ಬರೀ ಬಾರ್‌ನಿಂದ ಶುರು ಮಾಡಿ ಸ್ಕ್ವಾಟ್ 45 ಕೆ.ಜಿ.ಗೆ ಬಂತು. ಅನ್ನ ಅರ್ಧ ಮಾಡಿದೆ. ಎರಡು ಮೊಟ್ಟೆ, ನೂರು ಗ್ರಾಂ ಪನೀರ್, ಒಂದು ಹಿಡಿ ಸೋಯಾ, ಮೊಸರು, ಕಾಳಿನ ಹುಳಿ, ಎಲ್ಲಾ ಸೇರಿ ದಿನಕ್ಕೆ 80 ಗ್ರಾಂ ಪ್ರೋಟೀನ್ ಆಗುವಂತೆ ನೋಡಿಕೊಂಡೆ. ಏಳು ತಿಂಗಳಲ್ಲಿ ಇಳಿದದ್ದು ಐದೂವರೆ ಕೆ.ಜಿ. ಮಾತ್ರ. ಆದರೆ 61.5 ಕೆ.ಜಿ.ಯಲ್ಲಿ ಸೊಂಟ 31 ಇಂಚು. 59ರಲ್ಲಿದ್ದಾಗಿನದಕ್ಕಿಂತ ಎರಡು ಇಂಚು ಕಡಿಮೆ. ತೋಳು 13ರಿಂದ 12ಕ್ಕೆ ಇಳಿಯಿತು. ಮದುವೆಯ ಆ ಬ್ಲೌಸಿನ ತೋಳನ್ನು ಟೈಲರ್ ಹತ್ತಿರ ಹಿಡಿಸಬೇಕಾಯಿತು.

ವೇಟ್ಸ್ ಎತ್ತಿದರೆ ಮಲಗಿದ್ದಾಗಲೂ ಕೊಬ್ಬು ಕರಗುತ್ತಲೇ ಇರುತ್ತದೆ ಎನ್ನುವುದನ್ನು ನಂಬಬೇಡಿ. ಸುಮ್ಮನಿದ್ದಾಗ ಒಂದು ಕೆ.ಜಿ. ಸ್ನಾಯು ಇಡೀ ದಿನಕ್ಕೆ ಸುಡುವುದು ಹದಿಮೂರು ಕ್ಯಾಲೊರಿಯಷ್ಟೇ. ಕೊಬ್ಬು ಇಳಿಸುವುದು ಊಟ, ಇಳಿದ ಮೇಲೆ ಏನು ಉಳಿಯಬೇಕೆಂದು ತೀರ್ಮಾನಿಸುವುದು ವೇಟ್ಸ್.

ದಪ್ಪಗಾದೆ ಎನ್ನುವವರೂ ಸಿಗುತ್ತಾರೆ. ವರ್ಕೌಟ್ ಆದ ಮೇಲೆ ಹಸಿವು ಹೆಚ್ಚಿ, ಗೊತ್ತಿಲ್ಲದೆ ಎರಡು ಚಪಾತಿ ಜಾಸ್ತಿ ತಿಂದಿರುತ್ತಾರೆ. ಎಂಟು ವಾರದ ಮೇಲೂ ತೋಳಿನ ಜೊತೆ ಸೊಂಟವೂ ಹೆಚ್ಚುತ್ತಿದ್ದರೆ ಅದು ಊಟದ್ದು. ಸೊಂಟ ಇಳಿಯುತ್ತಾ ತೋಳು ಮಾತ್ರ ಬಿಗಿ ಅನ್ನಿಸಿದರೆ ಕಾಯಿರಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಮೀರಾಬಾಯಿ ಚಾನು ಎತ್ತಿದ್ದು ಒಟ್ಟು 202 ಕೆ.ಜಿ., ಸ್ಪರ್ಧಿಸಿದ್ದು 49 ಕೆ.ಜಿ. ವಿಭಾಗದಲ್ಲಿ. ಅಷ್ಟು ಭಾರಕ್ಕೆ ಅವರ ದೇಹ ಅಷ್ಟೇ ಇದೆ. ನಿಮ್ಮ ಹತ್ತು ಕೆ.ಜಿ. ಡಂಬಲ್ ಏನು ಮಾಡೀತು?

ಇವತ್ತೇ ಟೇಪು ಹಿಡಿದು ಹೊಕ್ಕಳ ಮಟ್ಟದ ಸೊಂಟ, ತೋಳು, ತೊಡೆ ಅಳೆದು ಬರೆದಿಡಿ. ಮತ್ತೆ ಅಳೆಯುವುದು ನಾಲ್ಕು ವಾರಕ್ಕೊಮ್ಮೆ, ಮುಟ್ಟು ಮುಗಿದ ಮೇಲೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಮೊದಲ ಆರು ವಾರ ಬಿಗಿ ಬ್ಲೌಸ್ ಹಾಕಿ ನೋಡಬೇಡಿ.