ಐದು ಡಿಸ್ಟ್ರಿಬ್ಯೂಟರ್ ಅಗ್ರಿಮೆಂಟ್ ಒಂದೇ ಶೀಟಿಗೆ

"ನಮ್ಮ ಎಫ್‌ಪಿಒ ಗಾಣದ ಎಣ್ಣೆಗೆ ಐದು ಜನ ಡಿಸ್ಟ್ರಿಬ್ಯೂಟರ್ಸ್. ಅಗ್ರಿಮೆಂಟ್ ಒಂದೊಂದೂ ಒಂದೊಂದು ಥರ. ಏರಿಯಾ, ಟಾರ್ಗೆಟ್, ಎಕ್ಸ್‌ಕ್ಲೂಸಿವ್, ಕ್ಯಾನ್ಸಲ್ ಎಲ್ಲಾ ಒಂದೇ ಶೀಟಲ್ಲಿ ಹೋಲಿಸೋದು ಹೇಗೆ?"

ಅಕ್ಕ, ಒಬ್ಬರಿಗೆ ಒಂದು ಸಾಲು ಇಡಿ. ಪ್ರತಿ ವಿಷಯಕ್ಕೆ ಎರಡು ಕಾಲಂ ಇರಲಿ. ಒಂದರಲ್ಲಿ ಅಗ್ರಿಮೆಂಟಿನ ವಾಕ್ಯ ಇದ್ದ ಹಾಗೇ, ಕ್ಲಾಜ್ ನಂಬರ್ ಸಮೇತ. ಪಕ್ಕದಲ್ಲಿ ನಿಮಗೆ ಅರ್ಥವಾದದ್ದು. ವಿಷಯವೇ ಇಲ್ಲದಿದ್ದರೆ "ಹೇಳಿಲ್ಲ" ಅಂತ ಬರೆಯಿರಿ. ಖಾಲಿ ಬಿಟ್ಟರೆ ಅಗ್ರಿಮೆಂಟಲ್ಲಿ ಇಲ್ಲವೋ, ನೀವು ಓದಿಲ್ಲವೋ ಅಂತ ಆಮೇಲೆ ಗೊತ್ತಾಗುವುದಿಲ್ಲ.

ಏರಿಯಾ ಸಾಮಾನ್ಯವಾಗಿ ಕೊನೆಯ ಷೆಡ್ಯೂಲಿನಲ್ಲಿರುತ್ತದೆ. ಆಮೇಲೆ ಲೆಟರ್ ಕೊಟ್ಟು ಸೇರಿಸಿದ್ದರೆ ಅದನ್ನೂ ಹುಡುಕಿ. ಇನ್ನೊಂದು ಶೀಟಲ್ಲಿ A ಕಾಲಂಗೆ ಒಂದೊಂದೇ ತಾಲ್ಲೂಕು, B ಕಾಲಂಗೆ ಡಿಸ್ಟ್ರಿಬ್ಯೂಟರ್ ಹೆಸರು ಹಾಕಿ, C2ನಲ್ಲಿ ಇದನ್ನು ಕೊಟ್ಟು ಕೆಳಗೆ ಎಳೆಯಿರಿ:

```
=COUNTIF(A:A,A2)
```

1ಕ್ಕಿಂತ ಜಾಸ್ತಿ ಬಂದು, B ಕಾಲಂನಲ್ಲಿ ಹೆಸರು ಬೇರೆ ಬೇರೆ ಇದ್ದರೆ, ಆ ತಾಲ್ಲೂಕನ್ನು ಒಬ್ಬರಿಗಿಂತ ಜಾಸ್ತಿ ಜನಕ್ಕೆ ಕೊಟ್ಟಿದ್ದೀರಿ ಅಂತ ಅರ್ಥ. ಹೆಸರಿನ ಸ್ಪೆಲ್ಲಿಂಗ್ ಮಾತ್ರ ಎಲ್ಲಾ ಕಡೆ ಒಂದೇ ಥರ ಇರಬೇಕು. "ತುಮಕೂರು ಮತ್ತು ಸುತ್ತಮುತ್ತ" ಅಂತಿದ್ದರೆ ನೀವೇ ತಾಲ್ಲೂಕು ಊಹಿಸಬೇಡಿ, ಕೆಂಪು ಬಣ್ಣ ಹಾಕಿ ಬಿಡಿ.

ಟಾರ್ಗೆಟ್‌ನಲ್ಲಿ ಎಡವುವುದು ಸುಲಭ. ತಿಂಗಳಿಗೆ 2 ಲಕ್ಷ, ವರ್ಷಕ್ಕೆ 24 ಲಕ್ಷ, ಎರಡೂ ಒಂದೇ ಅಲ್ವಾ ಅನಿಸುತ್ತದೆ. ಅಲ್ಲ. ಆಷಾಢದಲ್ಲಿ 1.2 ಲಕ್ಷಕ್ಕೆ ನಿಂತವನು ಮೊದಲನೆಯ ಅಗ್ರಿಮೆಂಟಿನಲ್ಲಿ ಆಗಲೇ ತಪ್ಪಿದ. ಎರಡನೆಯದರಲ್ಲಿ ದೀಪಾವಳಿಗೆ ಸರಿದೂಗಿಸಬಹುದು. ಹಾಗಾಗಿ ಮೊತ್ತ, ಅವಧಿ ಬೇರೆ ಬೇರೆ ಕಾಲಂ. ಅದು ನಿಮ್ಮ ಬಿಲ್ಲಿನ ಲೆಕ್ಕವೋ, ಅವರು ಅಂಗಡಿಗೆ ಮಾರಿದ ಲೆಕ್ಕವೋ, ಜಿಎಸ್‌ಟಿ ಸೇರಿಯೋ ಅನ್ನೋದನ್ನೂ ಬರೆಯಿರಿ.

ಕೆಲವರು "ಎಕ್ಸ್‌ಕ್ಲೂಸಿವ್‌ಗೆ ಹೌದು, ಇಲ್ಲ ಸಾಕು" ಅಂತಾರೆ. ಅರ್ಧ ಸರಿ. ನೀವು ಬೇರೆಯವರಿಗೆ ಕೊಡಬಾರದು ಅನ್ನೋದು ಒಂದು, ಅವರು ಬೇರೆ ಎಣ್ಣೆ ಮಾರಬಾರದು ಅನ್ನೋದು ಇನ್ನೊಂದು. ಎರಡಕ್ಕೂ ಹೌದು, ಇಲ್ಲ ಬೇರೆ ಬೇರೆ ಬೇಕು. ಮೇಳದ ಸ್ಟಾಲ್, ಆನ್‌ಲೈನ್ ಮಾರಾಟ ನಿಮಗೇ ಉಳಿದಿದೆಯಾ ಅಂತಲೂ ನೋಡಿ.

ಕ್ಯಾನ್ಸಲ್ ಕಾಲಂನಲ್ಲಿ ಸುಮ್ನೆ "30 ದಿನ" ಅಂತ ತುಂಬಬೇಡಿ. ಒಂದರಲ್ಲಿ ಕಾರಣ ಹೇಳದೆ 30 ದಿನದ ನೋಟಿಸ್ ಕೊಟ್ಟು ಮುಗಿಸಬಹುದು ಅಂತಿರಬಹುದು. ಇನ್ನೊಂದರಲ್ಲಿ ಆ 30 ದಿನ ತಪ್ಪು ಸರಿಪಡಿಸಿಕೊಳ್ಳೋಕೆ ಕೊಟ್ಟ ಗಡುವು. ಸರಿ ಮಾಡಿದರೆ ಆ ತಪ್ಪಿಗೆ ತೆಗೆಯೋಕಾಗಲ್ಲ. ಅಂಕಿ ಒಂದೇ, ಕೈಗೆ ಬರುವ ಅಧಿಕಾರ ಬೇರೆ.

ಅಗ್ರಿಮೆಂಟ್ ಮುಗಿದಾಗ ಉಳಿದ ಸ್ಟಾಕ್, ಡೆಪಾಸಿಟ್ ಏನಾಗುತ್ತದೆ ಅನ್ನೋದಕ್ಕೂ ಒಂದು ಕಾಲಂ ಇಡಿ.

ನಾನಾದರೆ "ಟಾರ್ಗೆಟ್ ತಪ್ಪಿದರೆ ಏನು?" ಅನ್ನೋ ಕಾಲಂ ಮೊದಲು ತುಂಬುತ್ತೇನೆ. ಕೆಲವು ಅಗ್ರಿಮೆಂಟಲ್ಲಿ ಎಕ್ಸ್‌ಕ್ಲೂಸಿವ್ ಮಾತ್ರ ಹೋಗುತ್ತದೆ, ಕೆಲವದರಲ್ಲಿ ಅಗ್ರಿಮೆಂಟೇ ಹೋಗುತ್ತದೆ. ಏನೂ ಹೇಳದೆ ಇದ್ದರೆ, ಬರೀ ಟಾರ್ಗೆಟ್ ತಪ್ಪಿದ್ದಕ್ಕೆ ತೆಗೆಯಬಹುದಾ ಅನ್ನೋದು ವಾದದ ವಿಷಯ. ಆ ಸಾಲು ವಕೀಲರಿಗೆ ತೋರಿಸಿ.