ಕೋಡಿಂಗ್ ಟೆಸ್ಟ್ ಮಧ್ಯೆ ಪೇಜ್ ಕೈಕೊಟ್ಟರೆ ಇನ್ನೊಂದು ಸಲ ಕೇಳಬಹುದಾ?

"ಆನ್‌ಲೈನ್ ಕೋಡಿಂಗ್ ಟೆಸ್ಟ್ ಬರೆಯುವಾಗ ಪೇಜ್ ಹ್ಯಾಂಗ್ ಆಗಿ ಟೈಮ್ ಎಲ್ಲಾ ಹೋಯ್ತು. ಇನ್ನೊಂದು ಚಾನ್ಸ್ ಕೊಡಿ ಅಂದ್ರೆ ರಿಕ್ರೂಟರ್ ತಪ್ಪು ತಿಳ್ಕೊತಾರಾ?"

ಇಲ್ಲ, ಧೈರ್ಯವಾಗಿ ಕೇಳಿ. ಆದರೆ ಇವತ್ತೇ ಕೇಳಿ. ರಿಸಲ್ಟ್ ಬಂದ ಮೇಲೆ ಕೇಳಿದರೆ ನಿಜ ಹೇಳಿದರೂ ನೆಪ ಅನ್ನಿಸುತ್ತದೆ.

ನನಗೂ ಹೀಗೇ ಆಗಿತ್ತು. 90 ನಿಮಿಷ, 3 ಪ್ರಶ್ನೆ. ಮೊದಲನೆಯದನ್ನು ಸಬ್ಮಿಟ್ ಮಾಡಿ ಆಗಿತ್ತು. 41ನೇ ನಿಮಿಷದಲ್ಲಿ ಎರಡನೆಯದಕ್ಕೆ `Run` ಒತ್ತಿದೆ, ಚಕ್ರ ತಿರುಗುತ್ತಲೇ ಇತ್ತು. ರಿಫ್ರೆಶ್ ಮಾಡಿದರೆ `504 Gateway Timeout`. ಪೇಜ್ ಮತ್ತೆ ತೆರೆದುಕೊಳ್ಳುವ ಹೊತ್ತಿಗೆ ಉಳಿದದ್ದು 22 ನಿಮಿಷ. ಟೈಮರ್ ಓಡುವುದು ಅವರ ಸರ್ವರ್‌ನಲ್ಲಿ, ನಮ್ಮ ಪೇಜ್ ನಿಂತರೂ ಅದು ನಿಲ್ಲಲಿಲ್ಲ.

ಪರದೆ ಮೇಲೆ ಬಂದ ಎರರ್ ಏನು ಅನ್ನೋದು ಇಲ್ಲಿ ತುಂಬಾ ಮುಖ್ಯ. 504 ಅಂದರೆ ಅವರ ಕಡೆಯ ಒಂದು ಸರ್ವರ್ ಇನ್ನೊಂದರ ಉತ್ತರಕ್ಕೆ ಕಾದು ಕೈಬಿಟ್ಟಿದೆ ಅಂತ. ಅದು ಸಾಮಾನ್ಯವಾಗಿ ನಿಮ್ಮ ವೈಫೈ ತಪ್ಪಲ್ಲ. `ERR_INTERNET_DISCONNECTED` ಬಂದಿದ್ದರೆ ತೊಂದರೆ ನಿಮ್ಮ ಕಡೆಯದೇ. ಆಗಲೂ ಕೇಳಬಹುದು, ಆದರೆ ನೆಟ್ ಹೋಯಿತು ಅಂತ ನೇರವಾಗಿ ಹೇಳಿ. ಸುಮ್ನೆ ಸೈಟ್ ಮೇಲೆ ಹಾಕಬೇಡಿ. ಯಾವಾಗ ಕನೆಕ್ಷನ್ ಹೋಯಿತು, ಯಾವಾಗ ಬಂತು ಅನ್ನೋದು ಎಷ್ಟೋ ಸಲ ಅವರ ಲಾಗ್‌ನಲ್ಲಿ ಇರುತ್ತದೆ.

ಇನ್ನೊಂದು ವಿಷಯ. ಸಾಮಾನ್ಯವಾಗಿ ರಿಕ್ರೂಟರ್ ಒಬ್ಬರೇ ಇದನ್ನು ತೀರ್ಮಾನ ಮಾಡುವುದಿಲ್ಲ. ನಿಮ್ಮ ಮೇಲ್ ಅನ್ನು ತಂಡದವರಿಗೆ ಫಾರ್ವರ್ಡ್ ಮಾಡಿ ಒಪ್ಪಿಗೆ ಪಡೆಯಬೇಕು. ಹಾಗಾಗಿ ಪೂರ್ತಿ ಕಥೆ ಗೊತ್ತಿಲ್ಲದವರು ಓದಿದರೂ ಅರ್ಥ ಆಗುವ ಹಾಗೆ ಬರೆಯಿರಿ. ನಾನು ಬರೆದದ್ದರ ಸಾರ ಇಷ್ಟೇ:

"ಇವತ್ತು ಬೆಳಿಗ್ಗೆ 10ಕ್ಕೆ ಟೆಸ್ಟ್ ಶುರು ಮಾಡಿದೆ. 10:41ಕ್ಕೆ 504 ಎರರ್ ಬಂತು, 11:08ರವರೆಗೆ ಪೇಜ್ ತೆರೆಯಲಿಲ್ಲ. ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಮೂರೂ ಪ್ರಶ್ನೆ ನೋಡಿದ್ದೇನೆ, ಮೊದಲನೆಯದು ಮಾತ್ರ ಸಬ್ಮಿಟ್ ಆಗಿದೆ. ಸಾಧ್ಯವಾದರೆ ಬೇರೆ ಪ್ರಶ್ನೆಗಳಿರುವ ಹೊಸ ಟೆಸ್ಟ್ ಕೊಡಿ. ಆಗದಿದ್ದರೆ, ಸಮಯ ಕಳೆದುಹೋಗಿದ್ದನ್ನು ಗಮನದಲ್ಲಿಟ್ಟು ಈಗಿರುವ ಕೋಡ್ ನೋಡಿ."

ಪ್ರಶ್ನೆ ನೋಡಿದ್ದೇನೆ ಅಂತ ನಾವೇ ಹೇಳಿಬಿಡುವುದು ಒಳ್ಳೆಯದು. ಮನೆಯಲ್ಲಿ ಕೂತು ಉತ್ತರ ಹುಡುಕಿ ಮತ್ತೆ ಬರೀತಾರೆ ಅನ್ನೋದೇ ಅವರ ದೊಡ್ಡ ಅನುಮಾನ ಅಲ್ವಾ? ಬೇರೆ ಪ್ರಶ್ನೆ ನಾವೇ ಕೇಳಿದರೆ ಆ ಅನುಮಾನಕ್ಕೆ ಜಾಗ ಇರುವುದಿಲ್ಲ. "ಟೈಮ್ ಇದ್ದಿದ್ದರೆ ಮೂರೂ ಮಾಡ್ತಿದ್ದೆ" ಅಂತ ಮಾತ್ರ ಬರೆಯಬೇಡಿ, ಅದನ್ನು ಯಾರೂ ಪರೀಕ್ಷಿಸಿ ನೋಡಲಾಗದು.

ಟೆಸ್ಟ್ ಸೈಟ್‌ನ ಸಪೋರ್ಟ್‌ಗೂ ಅದೇ ದಿನ ಬರೆದು, ಅವರು ಕೊಟ್ಟ ಟಿಕೆಟ್ ನಂಬರ್ ಅನ್ನು ರಿಕ್ರೂಟರ್‌ಗೆ ಕಳಿಸಿದೆ. ಎರಡು ದಿನ ಬಿಟ್ಟು ಹೊಸ ಲಿಂಕ್ ಬಂತು, ಪ್ರಶ್ನೆಗಳೂ ಬೇರೆ ಇದ್ದವು.

ಸ್ಕ್ರೀನ್‌ಶಾಟ್ ತೆಗೆದಿಲ್ಲವಾ? ಬ್ರೌಸರ್ ಹಿಸ್ಟರಿಯಲ್ಲಿ ಆ ಪೇಜ್ ಎಷ್ಟು ಹೊತ್ತಿಗೆ ತೆರೆದಿರಿ ಅಂತ ಇರುತ್ತದೆ, ಈಗಲೇ ಅದನ್ನು ತೆಗೆದಿಟ್ಟುಕೊಳ್ಳಿ.