ಮೂವತ್ತೊಂದು ವರ್ಷ ತೋಟ ನೋಡಿದ್ದೀನಿ, ಇನ್ನು ಸಲಹೆ ಕೊಟ್ಟು ದುಡಿಯಬಹುದಾ?

ಪ್ರಶ್ನೆ: ಸಾರ್, ಮೂಡಿಗೆರೆ ಕಡೆ ಒಂದು ಅರೇಬಿಕಾ ತೋಟದಲ್ಲಿ 31 ವರ್ಷ ಕೆಲಸ ಮಾಡಿದೆ, ಕೊನೆಯ 14 ವರ್ಷ ಮ್ಯಾನೇಜರ್. ಬರುವ ಮಾರ್ಚ್‌ಗೆ ರಿಟೈರ್. ಚಿಕ್ಕಮಗಳೂರಲ್ಲಿ ಮನೆ ಇದೆ, ಸುಮ್ನೆ ಕೂರೋಕೆ ಆಗಲ್ಲ. ಬೇರೆ ತೋಟಗಳಿಗೆ ಸಲಹೆಗಾರನಾಗಿ ಹೋಗ್ಲಾ, ಎಲ್ಲಾದ್ರೂ ಪಾಠ ಮಾಡ್ಲಾ, ಇಲ್ಲ ಸಣ್ಣ ಬೆಳೆಗಾರರಿಗೆ ಫ್ರೀಯಾಗಿ ಹೇಳಿಕೊಡ್ಲಾ? ಫೀಸ್ ಎಷ್ಟು ಕೇಳ್ಬೇಕು ಅನ್ನೋದೂ ಗೊತ್ತಿಲ್ಲ.
— ಒಬ್ಬ ಓದುಗರು, ಚಿಕ್ಕಮಗಳೂರು

ಉತ್ತರ: ಮಾರ್ಚ್ 31ರ ಸಂಜೆ ನೀವು ಆಫೀಸಲ್ಲಿ ಬಿಟ್ಟು ಬರುವ ವಸ್ತುಗಳಲ್ಲಿ ಮುಖ್ಯವಾದದ್ದು ಆಳುಗಳ ಹಾಜರಿ, ಕೆಲಸ ಬರೆಯುವ ಮಸ್ಟರ್ ಪುಸ್ತಕ. ಅದು ನಿಮ್ಮ ಕೈಯಲ್ಲಿದ್ದಾಗ ರಾತ್ರಿ ಯೋಚಿಸಿದ ಕೆಲಸಕ್ಕೆ ಬೆಳಿಗ್ಗೆ ಆಳು ಬೀಳುತ್ತಿತ್ತು. ಸಲಹೆಗಾರನಿಗೆ ಆ ಅಧಿಕಾರ ಇಲ್ಲ. ನೀವು ಸಾವ್ಕಾರರಿಗೆ ಹೇಳಬೇಕು, ಅವರು ತೋಟದ ಲೆಕ್ಕ, ಕೆಲಸ ನೋಡುವ ರೈಟರಿಗೆ ಹೇಳಬೇಕು, ರೈಟರು ಮೇಸ್ತ್ರಿಗೆ ಹೇಳಬೇಕು. ಅಷ್ಟರಲ್ಲಿ ಅರ್ಧ ಮಾತು ದಾರಿಯಲ್ಲೇ ಉದುರಿರುತ್ತದೆ. ಒಳ್ಳೆಯ ಮ್ಯಾನೇಜರಾಗಿದ್ದವರು ಸಲಹೆಗಾರರಾಗಿ ಸೋಲುವುದು ಹೆಚ್ಚಾಗಿ ಇದೇ ಜಾಗದಲ್ಲಿ.

ನಾನೇ ಸೋತಿದ್ದೆ. ರಿಟೈರ್ ಆದ ಮೊದಲ ವರ್ಷ ಸಕಲೇಶಪುರದ ಹತ್ತಿರ 24 ಎಕರೆಯ ಒಂದು ತೋಟ ಹಿಡಿದೆ. ಸೆಪ್ಟೆಂಬರ್ ಮೊದಲ ವಾರ ಹೋದಾಗ ಕೆಳಗಿನ ಬ್ಲಾಕಲ್ಲಿ ನೆರಳು ತೆಳುವಾಗಿತ್ತು, ಅಲ್ಲಲ್ಲಿ ಗಿಡ ಹಳದಿಗೆ ತಿರುಗಿದ್ದವು. ಕಾಂಡದ ಮೇಲೆ ಕೈ ಸವರಿದರೆ ಬಳೆಯ ಹಾಗೆ ಉಬ್ಬು ಸಿಗುತ್ತಿತ್ತು. ಕಾಂಡ ಕೊರೆಯುವ ಬೋರರ್ ಹುಳು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಕ್ಟೋಬರ್‌ನಲ್ಲಿ ದುಂಬಿ ಹಾರೋಕೆ ಶುರುವಾಗುವ ಮೊದಲು ಟ್ರೇಸಿಂಗ್ ಮಾಡಿಸಿ, ಅಂದರೆ ಗಿಡ ಗಿಡ ನೋಡಿ ಹುಡುಕಿಸಿ, ಬೋರರ್ ಹಿಡಿದ ಗಿಡ ಕಿತ್ತು ಸುಟ್ಟುಬಿಡಿ ಅಂದೆ. ಸಾವ್ಕಾರರು "ಆಯ್ತು ಆಯ್ತು" ಅಂದರು, ಕಾಫಿ ಕುಡಿದು ಮನೆಗೆ ಬಂದೆ. ಆಗ ಅವರ ಆಳುಗಳೆಲ್ಲ ಗೊಬ್ಬರದ ಕೆಲಸದಲ್ಲಿದ್ದರು, ಟ್ರೇಸಿಂಗ್ ನವೆಂಬರ್‌ಗೆ ಹೋಯಿತು. ಆ ಹೊತ್ತಿಗೆ ದುಂಬಿ ಹಾರಿ, ತೊಗಟೆಯ ಬಿರುಕಲ್ಲಿ ಮೊಟ್ಟೆ ಇಟ್ಟು ಮುಗಿಸಿತ್ತು. ಮುಂದಿನ ವರ್ಷ ಎಳೆ ಗಿಡಗಳು ಸಾಲುಸಾಲಾಗಿ ಒಣಗಿದಾಗ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ನೀವು ನೋಡಿಕೊಂಡು ಹೋಗಿದ್ರಲ್ಲಾ ಸಾರ್?" ನಾನು ಹೇಳಿದ್ದೆ ಅನ್ನೋದಕ್ಕೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಅವತ್ತಿಂದ ನಾನು ಬಾಯಿಮಾತಿನ ಸಲಹೆಗೆ ದುಡ್ಡು ತಗೊಳ್ಳೋದು ಬಿಟ್ಟೆ. ದಿನಾಂಕ ಹಾಕಿದ ಭೇಟಿ, ಅದರ ಜೊತೆ ಒಂದು ಪುಟದ ಬರಹ, ಇಷ್ಟಕ್ಕೆ ಮಾತ್ರ ಫೀಸ್. ಆ ಪುಟದಲ್ಲಿ ಯಾವ ಬ್ಲಾಕು, ಏನು ಕಂಡಿತು, ಏನು ಮಾಡಬೇಕು, ಯಾವ ತಾರೀಖಿನ ಒಳಗೆ, ಎಷ್ಟು ಆಳು ಬೇಕಾಗಬಹುದು, ಯಾರು ಮಾಡಿಸುತ್ತಾರೆ ಅಂತ ಇರಬೇಕು. ಮೂರು ಕೆಲಸಕ್ಕಿಂತ ಜಾಸ್ತಿ ಬರೆಯಬೇಡಿ. ಹತ್ತು ಬರೆದರೆ ಅದರಲ್ಲಿ ಸುಲಭದ್ದು ಮಾತ್ರ ಆಗಿರುತ್ತದೆ. ಕನ್ನಡದಲ್ಲೇ ಬರೆಯಿರಿ, ಯಾಕೆಂದರೆ ಓದಿ ಮಾಡಿಸಬೇಕಾದವರು ರೈಟರು. ಮುಂದಿನ ಸಲ ಹೋದಾಗ ತೋಟಕ್ಕೆ ಇಳಿಯುವ ಮೊದಲು ಹಿಂದಿನ ಪುಟ ತೆಗೆದು ಸಾವ್ಕಾರರು, ರೈಟರು ಇಬ್ಬರ ಎದುರು ಓದಿ. ಆದದ್ದಕ್ಕೆ ಗುರುತು, ಆಗದ್ದಕ್ಕೆ ಕಾರಣ. ಎರಡು ಸಲ ಹೀಗೆ ಓದಿದ ಮೇಲೂ ಒಂದೂ ಆಗಿಲ್ಲ ಅಂದರೆ ಆ ತೋಟ ಬಿಟ್ಟುಬಿಡೋದೇ ಒಳ್ಳೇದು. ನಿಮ್ಮ ಹೆಸರಾದರೂ ಉಳಿಯುತ್ತದೆ.

ಅರೇಬಿಕಾಕ್ಕೆ ವರ್ಷಕ್ಕೆ ಐದು ಭೇಟಿ ಸಾಕು. ಕುಯ್ಲು ಮುಗಿದು ಮಾರ್ಚ್‌ನಲ್ಲಿ ಒಂದು, ಆಗ ಬೇಸಿಗೆಯ ಬೋರರ್ ಹಾರಾಟಕ್ಕೆ ಮೊದಲಿನ ಟ್ರೇಸಿಂಗ್, ಗಿಡದ ರೆಂಬೆ ಸವರುವ ಕಸಿ ಕೆಲಸ, ಹೂಮಳೆ ಎಲ್ಲ ಒಟ್ಟಿಗೆ ನೋಡಬಹುದು. ಮೇ ತಿಂಗಳಲ್ಲಿ ಕಾಯಿ ಕಚ್ಚಿದ್ದು ನೋಡಿ ಫಸಲಿನ ಅಂದಾಜು, ಮಳೆಗೆ ಮೊದಲು ರೋಗ ತಡೆಯೋಕೆ ಹೊಡೆಯುವ ಬೋರ್ಡೋ ದ್ರಾವಣ, ಗೊಬ್ಬರ. ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟಾಗ ಕೊಳೆ ರೋಗ ಮತ್ತು ಚರಂಡಿ. ಸೆಪ್ಟೆಂಬರ್ ಭೇಟಿ ತಪ್ಪಿಸಲೇಬಾರದು. ಕೊನೆಯದು ನವೆಂಬರ್‌ನಲ್ಲಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸುವ ಹೊತ್ತಿಗೆ.

ಇನ್ನು ಫೀಸ್. ನಿಮ್ಮ ಕೊನೆಯ ಸಂಬಳ ತಿಂಗಳಿಗೆ 60 ಸಾವಿರ ಅಂತ ಇಟ್ಟುಕೊಳ್ಳೋಣ. 26 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 2,300. ಬಹಳ ಜನ ಇಷ್ಟನ್ನೇ ಭೇಟಿಯ ಫೀಸ್ ಅಂದುಕೊಂಡು ಕೈ ಸುಟ್ಟುಕೊಳ್ಳುತ್ತಾರೆ. ತೋಟದಲ್ಲಿ ಒಂದು ದಿನ ಓಡಾಡಿದರೆ ಬರೆಯೋಕೆ ಅರ್ಧ ದಿನ ಬೇಕು, ಆಮೇಲೆ ಬರುವ ಫೋನು, ಫೋಟೋ ಎಲ್ಲ ಸೇರಿ ಇನ್ನರ್ಧ ದಿನ. ಅಲ್ಲಿಗೆ ಎರಡು ದಿನ, 4,600. ಜೀಪು, ಮನೆ, ಪಿಎಫ್ ಎಲ್ಲ ಮೊದಲು ತೋಟದವರೇ ಕೊಡುತ್ತಿದ್ದರು ಅನ್ನೋದು ಮರೆಯಬೇಡಿ. ಅದನ್ನೂ ಸೇರಿಸಿ ಭೇಟಿಗೆ 6,000, ಪೆಟ್ರೋಲ್ ಬೇರೆ ಅಂತ ಇಡಿ. ಐದು ಭೇಟಿಗೆ 30,000. 24 ಎಕರೆಯ ತೋಟಕ್ಕೆ ಎಕರೆಗೆ ವರ್ಷಕ್ಕೆ 1,250 ರೂಪಾಯಿ ಬಿತ್ತು, ಅವರಿಗೂ ಹೊರೆಯಲ್ಲ. ಅರ್ಧ ಹಣ ಮೊದಲ ಭೇಟಿಗೆ, ಉಳಿದದ್ದು ಸೆಪ್ಟೆಂಬರ್ ಭೇಟಿಗೆ ಅಂತ ಮೊದಲೇ ಒಂದು ಕಾಗದದಲ್ಲಿ ಬರೆದುಕೊಳ್ಳಿ. "ಕಾಫಿ ಮಾರಿದ ಮೇಲೆ ಕೊಡ್ತೀನಿ" ಅನ್ನೋ ಮಾತಿಗೆ ಒಪ್ಪಿದರೆ, ರೇಟು ಏರಲಿ ಅಂತ ಅವರು ಕಾಯುತ್ತಾರೆ, ಅವರ ಜೊತೆ ನೀವೂ ಕಾಯಬೇಕು!

ಎಂಟು ತೋಟಕ್ಕಿಂತ ಜಾಸ್ತಿ ಹಿಡಿಯಬೇಡಿ. ಎಂಟಕ್ಕೆ ವರ್ಷಕ್ಕೆ 40 ಭೇಟಿ, 2 ಲಕ್ಷ 40 ಸಾವಿರ. ಕ್ಯಾಲೆಂಡರ್ ನೋಡಿದರೆ ಇನ್ನೂ ಎಷ್ಟೋ ದಿನ ಖಾಲಿ ಕಾಣುತ್ತದೆ, ಆದರೆ ಸೆಪ್ಟೆಂಬರ್‌ನ ಅದೇ ಮೂರು ವಾರದಲ್ಲಿ ಎಂಟೂ ತೋಟದವರಿಗೆ ನೀವು ಬೇಕು, ನಡುವೆ ಎರಡು ದಿನ ಜೋರು ಮಳೆ ಹಿಡಿದರೆ ಅಷ್ಟೇ. ಮಂಡಿಯ ವಿಷಯ ಬೇರೆ ಹೇಳಲ್ಲ, ಇಳಿಜಾರಿನ ತೋಟ ನಿಮಗೂ ಗೊತ್ತು.

ಇಲ್ಲಿ ಒಂದು ತೊಡಕಿದೆ. ನಾಲ್ಕೈದು ಎಕರೆಯವರಿಗೆ ಈ ಲೆಕ್ಕ ಹೊಂದಲ್ಲ. ಐದು ಎಕರೆಗೆ 30,000 ಅಂದರೆ ಎಕರೆಗೆ 6,000, ಅಷ್ಟು ಕೇಳೋದು ಅನ್ಯಾಯ. ಹಾಗಂತ ಫೋನಲ್ಲಿ ಫ್ರೀಯಾಗಿ ಹೇಳಿಕೊಡೋಕೆ ಹೋಗಬೇಡಿ. ಒಂದು ಹಳದಿ ಎಲೆಯ ಫೋಟೋ ನೋಡಿ ಬೇರಿನ ತೊಂದರೆಯೋ, ಬೋರರ್ರೋ, ಗೊಬ್ಬರ ಕಡಿಮೆಯೋ ಅಂತ ಹೇಳೋಕೆ ಆಗಲ್ಲ. ತಪ್ಪಾದರೆ ಹೆಸರು ಕೆಡೋದು ನಿಮ್ಮದೇ. ಅದರ ಬದಲು ಒಂದು ಊರಿನ ಆರು ಜನ ಸಣ್ಣ ಬೆಳೆಗಾರರು ಸೇರಿ ಒಂದು ಬೆಳಿಗ್ಗೆ ಒಬ್ಬರ ತೋಟಕ್ಕೆ ಕರೆಸಿಕೊಳ್ಳಲಿ. ತಲಾ ಸಾವಿರ ಕೊಟ್ಟರೆ ನಿಮ್ಮ ಭೇಟಿಯ ಫೀಸ್ ಆಯಿತು. ಕೊಡೋಕಾಗದ ಊರಿಗೆ ಬೆಳೆಗಾರರ ಸಂಘದ ಮೂಲಕ ವರ್ಷಕ್ಕೆ ಎರಡು ಸಲ ಉಚಿತವಾಗಿ ಹೋಗಿ, ಆದರೆ ಭಾಷಣಕ್ಕೆ ಬೇಡ. ಮೇ ತಿಂಗಳಲ್ಲಿ ಅರ್ಧ ಪರ್ಸೆಂಟ್ ಬೋರ್ಡೋ ಕಲಸಿ ತೋರಿಸಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಬೇರೆ ಬೇರೆ ಕರಗಿಸಿ, ಸೇರಿಸಿ ಒಟ್ಟು 200 ಲೀಟರ್. ಕಲಸಿದ ಮೇಲೆ ಉಜ್ಜಿ ಹೊಳೆಯುವ ಹಾಗೆ ಮಾಡಿದ ಕಬ್ಬಿಣದ ಚಾಕು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಚಾಕುವಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಆ ಕೆಂಪನ್ನು ಒಂದು ಸಲ ಕಣ್ಣಲ್ಲಿ ನೋಡಿದವರು ಮತ್ತೆ ಮರೆಯಲ್ಲ.

ಪಾಠದ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ, ಹಾಸನದ ಕಡೆಯವರಿಗೆ ಕಂದಲಿಯಲ್ಲಿ ಕೇಂದ್ರ ಇದೆ. ಅಲ್ಲಿಯ ತರಬೇತಿಗೆ ಅತಿಥಿಯಾಗಿ ಹೋಗಬಹುದು, ಗೌರವಧನವನ್ನೇ ನಂಬಿ ಮನೆ ನಡೆಸೋಕೆ ಆಗಲ್ಲ ಅಷ್ಟೇ. ಆದರೆ ಸಂಶೋಧನೆ, ತಳಿ, ಹೊಸ ಔಷಧಿ ಇವನ್ನು ಹೇಳೋಕೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿದ್ದಾರೆ. ನಿಮ್ಮ ಹತ್ತಿರ ಇರೋದು ಬೇರೆ ಸರಕು: ರೈಟರು, ಮೇಸ್ತ್ರಿಗಳಿಗೆ ಕೆಲಸ ಕಲಿಸೋದು. ಅದನ್ನು ಹೇಳಿಕೊಡೋರು ಕಡಿಮೆ. ನಾನು ಮಾಡೋದು ಹೀಗೆ. ನೂರು ಗಿಡದ ಒಂದು ತುಂಡಲ್ಲಿ ಹಿಂದಿನ ದಿನವೇ ಒಬ್ಬನೇ ಹೋಗಿ ಬೋರರ್ ಹಿಡಿದ ಗಿಡಗಳನ್ನು ನೋಡಿ ಸಾಲು, ನಂಬರ್ ಬರೆದಿಟ್ಟುಕೊಳ್ತೀನಿ, ಗಿಡಕ್ಕೆ ಗುರುತು ಹಾಕಲ್ಲ. ಬೆಳಿಗ್ಗೆ ಬಂದವರನ್ನು ಒಬ್ಬೊಬ್ಬರಾಗಿ ಬಿಟ್ಟು ಹುಡುಕಿಸ್ತೀನಿ. ನನ್ನ ಚೀಟಿಯಲ್ಲಿ ಹನ್ನೆರಡು ಇದ್ದರೆ ಒಬ್ಬರಿಗೆ ಐದು ಸಿಗುತ್ತದೆ, ಇನ್ನೊಬ್ಬರಿಗೆ ಏಳು. ಆಮೇಲೆ ಬಿಟ್ಟುಹೋದ ಗಿಡವನ್ನು ಬುಡಕ್ಕೆ ಕಡಿದು, ಕಾಂಡ ಸೀಳಿ, ಒಳಗೆ ಹುಡಿ ತುಂಬಿದ ಸುರಂಗ ತೋರಿಸಿದರೆ ಮುಂದಿನ ತುಂಡಲ್ಲಿ ಎಲ್ಲರೂ ಬಗ್ಗಿ ಕಾಂಡ ಸವರುತ್ತಾರೆ. ಇದೇ ಅರ್ಧ ದಿನದ ತರಬೇತಿಯನ್ನು ನಿಮ್ಮ ಎಂಟು ತೋಟಗಳಲ್ಲೂ ಮಾಡಿದರೆ, ನೀವು ಬರೆದು ಬಂದ ಪುಟ ಕೆಲಸವಾಗುವ ಸಾಧ್ಯತೆಯೂ ಜಾಸ್ತಿ.

ಎರಡು ಎಚ್ಚರ. ಗೊಬ್ಬರದ ಅಂಗಡಿಯವರು ಕಮಿಷನ್ ಅಂತ ಬಂದೇ ಬರುತ್ತಾರೆ, ಒಂದು ಸಲ ತಗೊಂಡರೆ ಆಮೇಲೆ ನೀವು ಬರೆದ ಪ್ರತಿ ಚೀಲದ ಮೇಲೂ ಸಾವ್ಕಾರರಿಗೆ ಅನುಮಾನ. ಸುಣ್ಣ, ಗೊಬ್ಬರ ಎಷ್ಟು ಅನ್ನೋದನ್ನು ಕಣ್ಣಂದಾಜಲ್ಲಿ ಬರೆಯಬೇಡಿ, ಮಣ್ಣು ಪರೀಕ್ಷೆಯ ರಿಪೋರ್ಟ್ ತರಿಸಿಕೊಂಡು ಬರೆಯಿರಿ. ಇನ್ನೊಂದು, ತೋಟದಿಂದ ಬಂದ ದುಡ್ಡಿಗೆ ಟ್ಯಾಕ್ಸ್ ಇಲ್ಲ ಅನ್ನೋ ಗುಂಗಲ್ಲಿ ಇರಬೇಡಿ. ಸಾವ್ಕಾರರ ಬೆಳೆಯ ಆದಾಯ ಬೇರೆ, ನಿಮ್ಮ ಫೀಸ್ ಬೇರೆ. ನಿಮ್ಮದು ವೃತ್ತಿಯ ಆದಾಯ, ರಿಟರ್ನ್‌ನಲ್ಲಿ ತೋರಿಸಬೇಕು. ತಾಂತ್ರಿಕ ಸಲಹೆಗಾರರಿಗೆ ಬಂದ ಫೀಸಿನ ಅರ್ಧವನ್ನು ಆದಾಯ ಅಂತ ತೋರಿಸುವ ಸುಲಭ ದಾರಿ ಇದೆ, ಅದು ನಿಮಗೆ ಹೊಂದುತ್ತಾ ಅಂತ ಆಡಿಟರ್ ಹತ್ತಿರ ಒಂದು ಸಲ ಕೇಳಿ.

ಏಪ್ರಿಲ್ ಒಂದಕ್ಕೇ ಶುರು ಮಾಡಬೇಡಿ. ಹಳೆಯ ತೋಟದ ಲೆಕ್ಕದ ಪುಸ್ತಕ, ಇಳುವರಿಯ ಅಂಕಿ ಯಾವುದನ್ನೂ ಜೊತೆಗೆ ತರಬೇಡಿ, ಅಲ್ಲಿಯ ಮೇಸ್ತ್ರಿಯನ್ನೂ ಬೇರೆ ತೋಟಕ್ಕೆ ಎಳೆಯಬೇಡಿ. ಮಲೆನಾಡು ಸಣ್ಣದು, ಸಂಜೆಯೊಳಗೆ ಸುದ್ದಿ ಮುಟ್ಟಿರುತ್ತದೆ. ಮಳೆಗಾಲದಲ್ಲಿ ಮನೆಯಲ್ಲಿ ಕೂತು ಆ ಒಂದು ಪುಟದ ನಮೂನೆ ಸಿದ್ಧ ಮಾಡಿ, ಪರಿಚಯದ ಎರಡೇ ಎರಡು ತೋಟದವರ ಹತ್ತಿರ ಮಾತಾಡಿ. ಮೊದಲ ಭೇಟಿ ಸೆಪ್ಟೆಂಬರ್ ಮೊದಲ ವಾರ ಇಟ್ಟುಕೊಳ್ಳಿ. ಹೋಗುವಾಗ ರೈಟರಿಗೂ ಸೇರಿ ಎರಡು ಪ್ರತಿ ಆಗುವ ಹಾಗೆ ಕಾರ್ಬನ್ ಹಾಳೆ ತಗೊಂಡು ಹೋಗಿ.